ಗುಲ್ಮದಲ್ಲಿ ಉಳಿದುಹೋದ ಕೊಬ್ಬು

ಮಗುವಿಗೆ ಎರಡೂವರೆ ವರ್ಷ. ಕೈಕಾಲು ಕಡ್ಡಿಯ ಹಾಗೆ ಸಣ್ಣ, ಹೊಟ್ಟೆ ಮಾತ್ರ ಮುಂದಕ್ಕೆ ಬಂದಿದೆ. ಅಂಗಿಯ ಕೆಳಗಿನ ಗುಂಡಿ ಹಾಕಲು ಬರುವುದಿಲ್ಲ. ಮನೆಯವರು ಮೊದಲು ಜಂತುಹುಳು ಎಂದುಕೊಂಡು ಔಷಧಿ ಕುಡಿಸುತ್ತಾರೆ. ಮಣ್ಣು ತಿನ್ನುತ್ತದೇನೋ ಎಂದು ಅಜ್ಜಿ ಕಣ್ಣಿಟ್ಟು ಕಾಯುತ್ತಾಳೆ. ಆಗಾಗ ಮೂಗಿನಿಂದ ರಕ್ತ ಬರುತ್ತದೆ. ಉಷ್ಣ ಜಾಸ್ತಿಯಾಗಿದೆ ಎಂದು ಎಳನೀರು ಕೊಡುತ್ತಾರೆ. ಎಲ್ಲಾದರೂ ಸ್ವಲ್ಪ ತಾಗಿದರೆ ಸಾಕು, ಚರ್ಮ ನೀಲಿಗಟ್ಟುತ್ತದೆ. ಊರಿನ ಡಾಕ್ಟರು ರಕ್ತ ಕಡಿಮೆಯಿದೆ ಎಂದು ಕಬ್ಬಿಣದ ಟಾನಿಕ್ ಬರೆಯುತ್ತಾರೆ. ಆರು ತಿಂಗಳಾದರೂ ರಕ್ತ ಏರುವುದಿಲ್ಲ. ಕೊನೆಗೊಮ್ಮೆ ಮಕ್ಕಳ ವೈದ್ಯರೊಬ್ಬರು ಮಗುವನ್ನು ಅಂಗಾತ ಮಲಗಿಸಿ, ಎಡಪಕ್ಕೆಲುಬಿನ ಕೆಳಗೆ ಬೆರಳೂರಿ ನೋಡುತ್ತಾರೆ. ಈ ವಯಸ್ಸಿನಲ್ಲಿ ಸಾಮಾನ್ಯವಾಗಿ ಕೈಗೆ ಸಿಗದ ಅಂಗವೊಂದು ಹೊಕ್ಕುಳಿನ ತನಕ ಗಟ್ಟಿಯಾಗಿ ಚಾಚಿಕೊಂಡಿದೆ. ಅದು ಗುಲ್ಮ.

ಇದು ಒಂದು ಮನೆಯ ಮಗುವಿನ ಕಥೆಯಲ್ಲ. ಗೋಶೆ ಕಾಯಿಲೆ ಇರುವ ಮಕ್ಕಳು ಸಾಮಾನ್ಯವಾಗಿ ಆಸ್ಪತ್ರೆಗೆ ಬರುವ ದಾರಿಯೇ ಹೀಗಿರುತ್ತದೆ. ಲೈಸೋಸೋಮ್ ಎಂಬ ಕಣ್ಣಿಗೆ ಕಾಣದ ಚೀಲದಲ್ಲಿ ಒಂದು ಕಿಣ್ವದ ಕೆಲಸ ನಿಂತರೆ ಏನಾಗುತ್ತದೆ ಎಂಬುದು ಈ ಒಂದು ಕಾಯಿಲೆಯಲ್ಲಿ ಕಾಣುವಷ್ಟು ನಿಚ್ಚಳವಾಗಿ ಬೇರೆಡೆ ಕಾಣುವುದು ಕಷ್ಟ. ಆದ್ದರಿಂದ ಇದೇ ಗುಲ್ಮವನ್ನು ಹಿಡಿದುಕೊಂಡು ಒಳಗೆ ಹೋಗೋಣ.

ಗುಲ್ಮಕ್ಕೂ ರಕ್ತಕ್ಕೂ ಇರುವ ನಂಟು ಹಳೆಯದು. ಕೆಂಪು ರಕ್ತಕಣವೊಂದರ ಆಯುಸ್ಸು ಸುಮಾರು 120 ದಿನ. ದೊಡ್ಡವರ ದೇಹದಲ್ಲಿ ಸೆಕೆಂಡಿಗೆ ಸುಮಾರು 20 ಲಕ್ಷ ಕಣಗಳು ಮುದಿಯಾಗಿ ಕೆಲಸ ಬಿಡುತ್ತವೆ, ಅಷ್ಟೇ ಹೊಸವು ಮೂಳೆಯ ಮಜ್ಜೆಯಿಂದ ಹೊರಡುತ್ತವೆ. ಮುದಿ ಕಣಗಳನ್ನು ಹಿಡಿದು ನುಂಗಲೆಂದೇ ಗುಲ್ಮದಲ್ಲಿ, ಯಕೃತ್ತಿನಲ್ಲಿ, ಮಜ್ಜೆಯಲ್ಲಿ ಕೆಲವು ದೊಡ್ಡ ಕೋಶಗಳು ಕಾದು ಕುಳಿತಿರುತ್ತವೆ. ಅವನ್ನು ಭಕ್ಷಕ ಕೋಶಗಳು ಎನ್ನುತ್ತಾರೆ. ನುಂಗುವುದೇನೋ ಸುಲಭ. ನುಂಗಿದ್ದನ್ನು ಮಾಡುವುದೇನು?

ಪೇಟೆಯ ಗುಜರಿ ಅಂಗಡಿಯನ್ನು ನೆನೆಸಿಕೊಳ್ಳಿ. ಅಲ್ಲಿಗೆ ಹಳೇ ಫ್ಯಾನು ಬಂದರೆ ಯಾರೂ ಅದನ್ನು ಎಸೆಯುವುದಿಲ್ಲ. ಒಬ್ಬ ಸ್ಕ್ರೂ ಬಿಚ್ಚುತ್ತಾನೆ, ಇನ್ನೊಬ್ಬ ತಂತಿ ಸುಲಿದು ತಾಮ್ರ ತೆಗೆಯುತ್ತಾನೆ, ಮತ್ತೊಬ್ಬ ಕಬ್ಬಿಣವನ್ನೂ ಅಲ್ಯೂಮಿನಿಯಮ್ಮನ್ನೂ ಬೇರೆ ಮಾಡುತ್ತಾನೆ. ಪ್ರತಿ ಚೂರೂ ಮತ್ತೆಲ್ಲೋ ಬಳಕೆಗೆ ಹೋಗುತ್ತದೆ. ಲೈಸೋಸೋಮ್ ಇಂಥ ಗುಜರಿ. ಪಠ್ಯಪುಸ್ತಕಗಳು ಅದನ್ನು ಕಸದ ಬುಟ್ಟಿ ಎಂದೋ ‘ಆತ್ಮಹತ್ಯಾ ಸಂಚಿ’ ಎಂದೋ ಕರೆದದ್ದು ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಅದರ ನಿತ್ಯದ ಕೆಲಸ ಬಿಚ್ಚಿ, ವಿಂಗಡಿಸಿ, ವಾಪಸು ಕೊಡುವುದು. ಅದರೊಳಗೆ ಸುಮಾರು 60 ಬಗೆಯ ಕಿಣ್ವಗಳಿವೆ. ಒಂದೊಂದಕ್ಕೂ ಒಂದೊಂದೇ ಕೆಲಸ. ಒಂದು ನಿರ್ದಿಷ್ಟ ಜೋಡಣೆಯನ್ನು ಮಾತ್ರ ಅದು ಕತ್ತರಿಸಬಲ್ಲದು, ಪಕ್ಕದ ಜೋಡಣೆ ಅದರ ಕೈಗೆ ಒಗ್ಗುವುದಿಲ್ಲ.

ಇಷ್ಟು ಕತ್ತರಿಗಳನ್ನು ಹೊಟ್ಟೆಯಲ್ಲಿಟ್ಟುಕೊಂಡೂ ಕೋಶ ತನ್ನನ್ನು ತಾನು ಕತ್ತರಿಸಿಕೊಳ್ಳದೆ ಹೇಗೆ ಬದುಕುತ್ತದೆ? ಉತ್ತರ ಎರಡು ಪದರದ್ದು. ಮೊದಲನೆಯದು ಚೀಲದ ಪೊರೆ. ಎರಡನೆಯದು ಹುಳಿ. ಲೈಸೋಸೋಮಿನ ಪೊರೆಯಲ್ಲಿ ಪುಟ್ಟ ಪಂಪುಗಳಿದ್ದು, ಅವು ಬಿಡುವಿಲ್ಲದೆ ಹೈಡ್ರೋಜನ್ ಅಯಾನುಗಳನ್ನು ಒಳಕ್ಕೆ ತಳ್ಳುತ್ತವೆ. ಅದರಿಂದ ಚೀಲದ ಒಳಗಿನ ಪಿಎಚ್ 4.5ರಿಂದ 5ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಸುಮಾರು ಹುಳಿಮೊಸರಿನಷ್ಟು ಹುಳಿ. ಚೀಲದ ಹೊರಗೆ ಕೋಶದ ದ್ರವದ ಪಿಎಚ್ 7.2. ಈ ಕಿಣ್ವಗಳಿಗೆ ಹುಳಿಯಿದ್ದರೆ ಮಾತ್ರ ಕೈ ಓಡುತ್ತದೆ. ಒಂದೆರಡು ಹನಿ ಸೋರಿ ಹೊರಗೆ ಬಂದರೂ ಅಲ್ಲಿ ಅವು ಮಂಕಾಗುತ್ತವೆ. ಈ ಹುಳಿಯ ಮಾತನ್ನು ನೆನಪಿನಲ್ಲಿಡಿ, ಮುಂದೆ ಇದು ಇನ್ನೊಮ್ಮೆ ಬೇಕಾಗುತ್ತದೆ.

ಇಂಥ ಚೀಲವೊಂದಿದೆ ಎಂದು ಗೊತ್ತಾದದ್ದು ಒಂದು ರೆಫ್ರಿಜರೇಟರಿನಿಂದ. 1949ರಲ್ಲಿ ಬೆಲ್ಜಿಯಂನ ಲೂವೆನ್‌ನಲ್ಲಿ ಕ್ರಿಸ್ಟಿಯನ್ ಡಿ ಡೂವ್ ಇನ್ಸುಲಿನ್ ಬಗ್ಗೆ ಕೆಲಸ ಮಾಡುತ್ತಿದ್ದರು. ಇಲಿಯ ಯಕೃತ್ತನ್ನು ಮೆಲ್ಲಗೆ ಅರೆದು, ಅದರಲ್ಲಿ ಆಸಿಡ್ ಫಾಸ್ಫಟೇಸ್ ಎಂಬ ಕಿಣ್ವದ ಚಟುವಟಿಕೆ ಎಷ್ಟಿದೆ ಎಂದು ಅಳೆದರು. ಇರಬೇಕಾದದ್ದರ ಹತ್ತನೇ ಒಂದು ಪಾಲು ಮಾತ್ರ ಸಿಕ್ಕಿತು. ಎಲ್ಲೋ ತಪ್ಪಾಗಿರಬೇಕು ಎಂದು ಮಾದರಿಯನ್ನು ಫ್ರಿಜ್ಜಿನಲ್ಲಿಟ್ಟು, ಐದು ದಿನ ಬಿಟ್ಟು ಮತ್ತೆ ಅಳೆದರು. ಈ ಸಲ ಚಟುವಟಿಕೆ ಪೂರ್ತಿ ಇತ್ತು. ಹಳಸಿದ ಮಾದರಿಯಲ್ಲಿ ಕಿಣ್ವ ಕಡಿಮೆಯಾಗಬೇಕಿತ್ತು, ಹೆಚ್ಚಾಗಿತ್ತು! ಡಿ ಡೂವ್ ಇದನ್ನು ತಪ್ಪೆಂದು ಬದಿಗೆ ಸರಿಸಲಿಲ್ಲ. ಕಿಣ್ವ ಯಾವುದೋ ಪೊರೆಯೊಳಗೆ ಬಂದಿಯಾಗಿತ್ತು, ದಿನ ಕಳೆದಂತೆ ಪೊರೆ ಹರಿದು ಹೊರಬಿತ್ತು ಎಂದು ಊಹಿಸಿದರು. 1955ರಲ್ಲಿ ಆ ಚೀಲಕ್ಕೆ ಲೈಸೋಸೋಮ್ ಎಂದು ಹೆಸರಿಟ್ಟರು. 1974ರ ನೊಬೆಲ್ ಪ್ರಶಸ್ತಿ ಪಡೆದ ಮೂವರಲ್ಲಿ ಅವರೂ ಒಬ್ಬರು.

ಈಗ ಮಗುವಿನ ಗುಲ್ಮಕ್ಕೆ ಮರಳೋಣ. ಭಕ್ಷಕ ಕೋಶ ಮುದಿ ರಕ್ತಕಣವನ್ನು ನುಂಗಿದೆ. ಕಣದ ಹೊರಪೊರೆಯಲ್ಲಿ ಸಕ್ಕರೆ ಅಂಟಿಕೊಂಡ ಕೊಬ್ಬುಗಳಿರುತ್ತವೆ: ಒಂದು ಕೊಬ್ಬಿನ ಬಾಲ, ಅದರ ತಲೆಗೆ ಸರಪಳಿಯಂತೆ ಸಕ್ಕರೆಯ ಅಣುಗಳು. ಲೈಸೋಸೋಮಿನ ಕಿಣ್ವಗಳು ಸರದಿಯ ಪ್ರಕಾರ ತುದಿಯಿಂದ ಒಂದೊಂದೇ ಸಕ್ಕರೆಯನ್ನು ಬಿಡಿಸುತ್ತ ಬರುತ್ತವೆ. ಕೊನೆಗೆ ಕೊಬ್ಬಿನ ಬಾಲಕ್ಕೆ ಒಂದೇ ಒಂದು ಗ್ಲೂಕೋಸ್ ಅಂಟಿಕೊಂಡು ಉಳಿಯುತ್ತದೆ. ಈ ತುಣುಕಿನ ಹೆಸರು ಗ್ಲೂಕೋಸೆರೆಬ್ರೊಸೈಡ್. ಆ ಕೊನೆಯ ಗ್ಲೂಕೋಸನ್ನು ಬಿಡಿಸುವ ಕಿಣ್ವ ಗ್ಲೂಕೋಸೆರೆಬ್ರೊಸಿಡೇಸ್. ಹೆಸರು ಉದ್ದ, ಕೆಲಸ ಚಿಕ್ಕದು: ಒಂದು ಅಣು ನೀರನ್ನು ನಡುವೆ ತೂರಿಸಿ ಒಂದು ಜೋಡಣೆಯನ್ನು ಕಡಿಯುವುದು. ಕಡಿದರೆ ಗ್ಲೂಕೋಸ್ ಒಂದು ಕಡೆ, ಕೊಬ್ಬು ಒಂದು ಕಡೆ, ಎರಡೂ ಮರುಬಳಕೆಗೆ.

ಈ ಕೊನೆಯ ಕಡಿತ ಆಗದಿದ್ದರೆ? ಗ್ಲೂಕೋಸೆರೆಬ್ರೊಸೈಡ್ ನೀರಿನಲ್ಲಿ ಕರಗುವುದಿಲ್ಲ, ಪೊರೆ ದಾಟಿ ಹೊರಗೆ ಹೋಗಲೂ ಬಾರದು. ಅದು ಲೈಸೋಸೋಮಿನಲ್ಲೇ ಉಳಿಯುತ್ತದೆ. ಮುಂದಿನ ಕ್ಷಣ ಇನ್ನೊಂದು ಕಣ, ಇನ್ನಷ್ಟು ಕೊಬ್ಬು. ದಿನ ಕಳೆದಂತೆ ಲೈಸೋಸೋಮ್‌ಗಳು ಉಬ್ಬಿ ಕೋಶದ ತುಂಬ ಹರಡಿಕೊಳ್ಳುತ್ತವೆ, ಕೋಶಕೇಂದ್ರ ಒಂದು ಮೂಲೆಗೆ ಸರಿಯುತ್ತದೆ. ಮೂಳೆಯ ಮಜ್ಜೆ ತೆಗೆದು ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ, ಇಂಥ ಕೋಶದ ಒಳಭಾಗ ಮುದುಡಿ ಬಿಸಾಕಿದ ರೇಷ್ಮೆ ಬಟ್ಟೆಯ ಹಾಗೆ ನೆರಿಗೆ ನೆರಿಗೆಯಾಗಿ ಕಾಣುತ್ತದೆ. ಒಮ್ಮೆ ನೋಡಿದ ಕಣ್ಣು ಅದನ್ನು ಮರೆಯುವುದಿಲ್ಲ.

1882ರಲ್ಲಿ ಪ್ಯಾರಿಸ್ಸಿನಲ್ಲಿ ಇಂಥ ಕೋಶಗಳನ್ನು ಮೊದಲು ವರ್ಣಿಸಿದವರು ಫಿಲಿಪ್ ಗೋಶೆ, ಆಗಿನ್ನೂ ಅವರು ವೈದ್ಯಕೀಯ ವಿದ್ಯಾರ್ಥಿ. 32 ವರ್ಷದ ಹೆಂಗಸೊಬ್ಬಳ ಅಗಾಧವಾಗಿ ಬೆಳೆದ ಗುಲ್ಮವನ್ನು ಪರೀಕ್ಷಿಸಿ, ಅದು ಗುಲ್ಮದ ಗಡ್ಡೆ, ಒಂದು ಬಗೆಯ ಕ್ಯಾನ್ಸರ್ ಎಂದು ತಿಳಿದರು. ತಪ್ಪು ಅರ್ಥವಾಗುವಂಥದ್ದೇ. ಅಂಗ ಬೆಳೆಯುತ್ತಿದೆ, ಕೋಶಗಳು ದೊಡ್ಡವಾಗಿವೆ, ಇನ್ನೇನೆಂದು ಯೋಚಿಸಬೇಕು? ಆ ಕೋಶಗಳಲ್ಲಿ ಇರುವುದು ಗ್ಲೂಕೋಸ್ ಅಂಟಿದ ಕೊಬ್ಬು ಎಂದು ತಿಳಿಯಲು 1934ರವರೆಗೆ ಕಾಯಬೇಕಾಯಿತು.

ಆದರೆ ಕೊಬ್ಬು ಯಾಕೆ ಕೂಡಿತು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. ಕೆರೆಯಲ್ಲಿ ನೀರು ಉಕ್ಕಿ ಬಂದರೆ ಎರಡು ಕಾರಣ ಇರಬಹುದು. ಹಳ್ಳದಿಂದ ನೀರು ಜಾಸ್ತಿ ಹರಿದು ಬರುತ್ತಿರಬಹುದು, ಇಲ್ಲವೇ ತೂಬು ಕಟ್ಟಿಕೊಂಡಿರಬಹುದು. ದಡದಲ್ಲಿ ನಿಂತು ನೀರಿನ ಮಟ್ಟ ಅಳೆದರೆ ಯಾವುದೆಂದು ಗೊತ್ತಾಗುವುದಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ರಾಸ್ಕೋ ಬ್ರೇಡಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ರೋಗಿಗಳ ಗುಲ್ಮದ ತುಣುಕುಗಳಲ್ಲಿ ಕೊಬ್ಬು ತಯಾರಾಗುವ ವೇಗವನ್ನು ನೋಡಿದರೆ ಅದು ಎಲ್ಲರಲ್ಲಿರುವ ಹಾಗೇ ಇತ್ತು. ಹಳ್ಳದಲ್ಲಿ ತಪ್ಪಿಲ್ಲ. ಆಮೇಲೆ ವಿಕಿರಣ ಸೂಸುವ ಇಂಗಾಲವನ್ನು ಗುರುತಿಗೆ ಸೇರಿಸಿದ ಗ್ಲೂಕೋಸೆರೆಬ್ರೊಸೈಡನ್ನು ಪ್ರಯೋಗಾಲಯದಲ್ಲೇ ಮಾಡಿಸಿ, ಅದನ್ನು ಗುಲ್ಮದ ಸಾರಕ್ಕೆ ಬೆರೆಸಿದರು. ಆರೋಗ್ಯವಂತರ ಗುಲ್ಮದ ಸಾರ ಅದನ್ನು ಕಡಿದು ಎರಡು ಮಾಡಿತು. ಗೋಶೆ ರೋಗಿಗಳದು ತೀರಾ ಕಡಿಮೆ ಕಡಿಯಿತು. ತೂಬೇ ಕಟ್ಟಿಕೊಂಡಿತ್ತು. 1965ರ ಹೊತ್ತಿಗೆ ಇದು ಪ್ರಕಟವಾಯಿತು. ಅದಕ್ಕೆ ಎರಡು ವರ್ಷ ಮುಂಚೆ, 1963ರಲ್ಲಿ, ಡಿ ಡೂವ್ ಅವರ ಸಹೋದ್ಯೋಗಿ ಹೆನ್ರಿ-ಜೆರಿ ಹೆರ್ಸ್ ಪಾಂಪೆ ಎಂಬ ಇನ್ನೊಂದು ಕಾಯಿಲೆಯಲ್ಲಿ ಲೈಸೋಸೋಮಿನ ಬೇರೊಂದು ಕಿಣ್ವ ಇಲ್ಲದಿರುವುದನ್ನು ತೋರಿಸಿದ್ದರು. ಈ ದಾರಿಯಲ್ಲಿ ಹೋದವರು ಇವತ್ತಿಗೆ 50ಕ್ಕೂ ಹೆಚ್ಚು ಇಂಥ ಶೇಖರಣಾ ಕಾಯಿಲೆಗಳನ್ನು ಗುರುತಿಸಿದ್ದಾರೆ. ಯಾವ ಕಿಣ್ವ ಕೈಕೊಟ್ಟಿತು ಎಂಬುದರ ಮೇಲೆ ಯಾವ ವಸ್ತು ಉಳಿಯುತ್ತದೆ, ಆ ವಸ್ತು ಎಲ್ಲಿ ಹೆಚ್ಚು ಬರುತ್ತದೆ ಎಂಬುದರ ಮೇಲೆ ಯಾವ ಅಂಗ ಕೆಡುತ್ತದೆ ಎಂಬುದು ನಿಂತಿದೆ.

ಇಲ್ಲೊಂದು ಮಾತು ಹೇಳಲೇಬೇಕು. ಕೊಬ್ಬು ತುಂಬಿಕೊಂಡಿತು, ಅದಕ್ಕೇ ಗುಲ್ಮ ದಪ್ಪವಾಯಿತು ಎಂದು ಬಹಳ ಕಡೆ ಬರೆಯುತ್ತಾರೆ. ದೊಡ್ಡವರ ಗುಲ್ಮ ಸಹಜವಾಗಿ 150–200 ಗ್ರಾಮ್ ತೂಗುತ್ತದೆ. ಈ ಕಾಯಿಲೆಯಲ್ಲಿ ಅದು ಕಿಲೋಗಟ್ಟಲೆ ಬೆಳೆಯಬಹುದು. ಹೀಗೆ ಹೆಚ್ಚಾದ ತೂಕದಲ್ಲಿ ಉಳಿದುಹೋದ ಕೊಬ್ಬಿನ ಪಾಲು ನೂರಕ್ಕೆ ಎರಡರಷ್ಟೂ ಇಲ್ಲ. ಉಳಿದದ್ದೆಲ್ಲ ಆ ಕೊಬ್ಬಿಗೆ ದೇಹ ಕೊಟ್ಟ ಉತ್ತರ. ಹೊಟ್ಟೆ ಕಟ್ಟಿದ ಭಕ್ಷಕ ಕೋಶ ಸುಮ್ಮನಿರುವುದಿಲ್ಲ, ಉರಿಯೂತದ ರಾಸಾಯನಿಕಗಳನ್ನು ಸುರಿಸುತ್ತದೆ, ಇನ್ನಷ್ಟು ಕೋಶಗಳನ್ನು ಕರೆಯುತ್ತದೆ. ಬೆಳೆದ ಗುಲ್ಮ ಒಳ್ಳೆಯ ರಕ್ತಕಣಗಳನ್ನೂ ಪ್ಲೇಟ್‌ಲೆಟ್‌ಗಳನ್ನೂ ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಮಗುವಿನ ಮೂಗಿನಿಂದ ರಕ್ತ ಬಂದದ್ದು, ಟಾನಿಕ್ ಎಷ್ಟು ಕುಡಿಸಿದರೂ ರಕ್ತ ಏರದಿದ್ದದ್ದು ಅದಕ್ಕೇ. ಮಜ್ಜೆಯಲ್ಲೂ ಇದೇ ನಡೆಯುವುದರಿಂದ ಮೂಳೆ ಟೊಳ್ಳಾಗುತ್ತದೆ, ನೋಯುತ್ತದೆ, ಕೆಲವರಲ್ಲಿ ತೊಡೆಮೂಳೆಯ ತಲೆಗೆ ರಕ್ತ ಸಿಗದೆ ಅದು ಸಾಯುತ್ತದೆ.

ಹಾಗಾದರೆ ಕಾಯಿಲೆಯನ್ನು ಖಚಿತ ಮಾಡುವುದು ಹೇಗೆ? ನಮ್ಮಲ್ಲಿ ಗುಲ್ಮ ಬೆಳೆದ ಮಗು ಎಂದರೆ ಮಲೇರಿಯಾ, ಥಲಸೇಮಿಯಾ, ರಕ್ತದ ಕ್ಯಾನ್ಸರ್ ಇವು ಮೊದಲು ನೆನಪಾಗುತ್ತವೆ. ಅದು ಸರಿಯೇ, ಅವೇ ಹೆಚ್ಚು ಕಾಣುವಂಥವು. ಮಜ್ಜೆಯಲ್ಲಿ ರೇಷ್ಮೆಯ ನೆರಿಗೆ ಕಂಡರೂ ಅಲ್ಲಿಗೇ ನಿಲ್ಲುವಂತಿಲ್ಲ. ಥಲಸೇಮಿಯಾದಲ್ಲಿ, ಕೆಲವು ರಕ್ತದ ಕ್ಯಾನ್ಸರುಗಳಲ್ಲಿ ರಕ್ತಕಣಗಳು ವಿಪರೀತ ಸಾಯುವುದರಿಂದ, ಕಿಣ್ವ ಸರಿಯಿದ್ದರೂ ಭಕ್ಷಕ ಕೋಶಗಳು ಹೀಗೇ ಉಬ್ಬಿರಬಹುದು. ಅಲ್ಲಿ ತೂಬು ಸರಿಯಿದೆ, ಹಳ್ಳ ಉಕ್ಕಿದೆ. ಆದ್ದರಿಂದ ಕೊನೆಯ ಮಾತು ಕಿಣ್ವದ ಪರೀಕ್ಷೆಯದೇ.

ಪರೀಕ್ಷೆಯ ಉಪಾಯ ಸರಳ. ರಕ್ತದಿಂದ ಬಿಳಿ ಕಣಗಳನ್ನು ಬೇರ್ಪಡಿಸಿ ಒಡೆಯುತ್ತಾರೆ. ಅದಕ್ಕೆ ಗ್ಲೂಕೋಸ್ ಅಂಟಿಸಿದ ಒಂದು ಕೃತಕ ವಸ್ತುವನ್ನು ಹುಳಿ ದ್ರಾವಣದಲ್ಲಿ ಸೇರಿಸುತ್ತಾರೆ. ಗ್ಲೂಕೋಸ್ ಕಳಚಿದರೆ ಉಳಿದ ಭಾಗ ಅತಿನೇರಳೆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ. ಹೊಳಪು ಎಷ್ಟೋ ಕಿಣ್ವ ಅಷ್ಟು. ಆದರೆ ಇದರಲ್ಲೊಂದು ಗುಂಡಿ ಇದೆ. ರಕ್ತ ದೂರದೂರಿನಿಂದ ಬಸ್ಸಿನಲ್ಲೋ ಕೊರಿಯರ್ ಡಬ್ಬಿಯಲ್ಲೋ ಬಿಸಿಲಿಗೆ ಬೆಂದು ಬಂದಿದ್ದರೆ ಕಿಣ್ವ ದಾರಿಯಲ್ಲೇ ಸತ್ತಿರುತ್ತದೆ, ಆರೋಗ್ಯವಂತ ಮಗುವಿಗೂ ಕಾಯಿಲೆ ಎಂಬ ಫಲಿತಾಂಶ ಬರುತ್ತದೆ. ಅದಕ್ಕೆ ಒಳ್ಳೆಯ ಪ್ರಯೋಗಾಲಯದವರು ಅದೇ ಮಾದರಿಯಲ್ಲಿ ಲೈಸೋಸೋಮಿನ ಇನ್ನೊಂದು ಕಿಣ್ವವನ್ನೂ ಅಳೆಯುತ್ತಾರೆ. ಎರಡೂ ಕಡಿಮೆ ಬಂದರೆ ಮಾದರಿ ಕೆಟ್ಟಿದೆ, ಮತ್ತೆ ರಕ್ತ ತೆಗೆಯಬೇಕು. ಇದೊಂದೇ ಕಡಿಮೆಯಿದ್ದು ಮತ್ತೊಂದು ಸರಿಯಿದ್ದರೆ ಮಾತ್ರ ನಂಬಬೇಕು. ಮಗುವಿನ ವರದಿ ಕೈಗೆ ಬಂದ ತಂದೆತಾಯಿ ಆ ಎರಡನೇ ಕಿಣ್ವದ ಅಂಕಿ ಎಲ್ಲಿದೆ ಎಂದು ಧೈರ್ಯವಾಗಿ ಕೇಳಬಹುದು. ಆಮೇಲೆ ವಂಶವಾಹಿಯ ಪರೀಕ್ಷೆ.

ಭಾರತದ ಗೋಶೆ ರೋಗಿಗಳಲ್ಲಿ ಅತಿ ಹೆಚ್ಚು ಕಾಣುವ ದೋಷ ಒಂದೇ ಅಕ್ಷರದ್ದು. ವಂಶವಾಹಿಯ ಬರಹದಲ್ಲಿ ಒಂದು ಕಡೆ ‘ಟಿ’ ಇರಬೇಕಾದಲ್ಲಿ ‘ಸಿ’ ಬಂದಿದೆ. ಅದರಿಂದ ಕಿಣ್ವದ ಸರಪಳಿಯ 444ನೇ ಸ್ಥಾನದಲ್ಲಿ ಲೂಸಿನ್ ಬದಲು ಪ್ರೋಲಿನ್ ಕೂರುತ್ತದೆ. ಪ್ರೋಲಿನ್ ಸೆಟೆದ ಸ್ವಭಾವದ್ದು, ಅದಿರುವಲ್ಲಿ ಸರಪಳಿ ಬೇಕಾದ ಹಾಗೆ ಮಡಚಿಕೊಳ್ಳುವುದಿಲ್ಲ. ಕಿಣ್ವ ತಯಾರಾಗುವುದೇ ಇಲ್ಲ ಎಂದು ತಿಳಿಯಬಾರದು. ತಯಾರಾಗುತ್ತದೆ, ಸೊಟ್ಟಗೆ. ಕೋಶದೊಳಗೆ ತಯಾರಿಕೆಯ ಸ್ಥಳದಲ್ಲೇ ತಪಾಸಣೆ ಇದೆ. ಸೊಟ್ಟದ್ದನ್ನು ಮುಂದಕ್ಕೆ ಬಿಡದೆ ಅಲ್ಲೇ ಚೂರು ಮಾಡುತ್ತದೆ. ಕಿಣ್ವದ ಬಹುಪಾಲು ಲೈಸೋಸೋಮಿನ ಬಾಗಿಲನ್ನೇ ಕಾಣುವುದಿಲ್ಲ. ಎಷ್ಟೋ ಸಂದರ್ಭದಲ್ಲಿ ‘ಕಿಣ್ವ ಇಲ್ಲ’ ಎಂಬ ಮಾತಿನ ನಿಜವಾದ ಅರ್ಥ ‘ಕಿಣ್ವ ತಲುಪಿಲ್ಲ’ ಎಂದು.

ತಂದೆಯ ಕಡೆಯಿಂದ ಒಂದು, ತಾಯಿಯ ಕಡೆಯಿಂದ ಒಂದು, ಹೀಗೆ ಎರಡೂ ಪ್ರತಿಗಳು ಕೆಟ್ಟರೆ ಮಾತ್ರ ಕಾಯಿಲೆ. ಒಂದು ಪ್ರತಿ ಕೆಟ್ಟವರಲ್ಲಿ ಕಿಣ್ವ ಸುಮಾರು ಅರ್ಧ ಇರುತ್ತದೆ, ಗುಲ್ಮಕ್ಕೆ ಅಷ್ಟು ಧಾರಾಳ ಸಾಕು. ಅವರು ವಾಹಕರು. ವಯಸ್ಸಾದ ಮೇಲೆ ಪಾರ್ಕಿನ್ಸನ್ ಬರುವ ಸಂಭವ ಇಂಥವರಲ್ಲಿ ಇತರರಿಗಿಂತ ಹೆಚ್ಚು ಎಂಬುದು ಈಚೆಗೆ ತಿಳಿದ ಸಂಗತಿ, ಆದರೂ ಬಹುತೇಕ ವಾಹಕರಿಗೆ ಅದು ಬರುವುದಿಲ್ಲ.

ನಮ್ಮ ಕಡೆ ಇಲ್ಲೊಂದು ಲೆಕ್ಕ ಮಾಡಬೇಕು. ಕರ್ನಾಟಕದ ಎಷ್ಟೋ ಮನೆಗಳಲ್ಲಿ ಹುಡುಗಿಯನ್ನು ಸೋದರಮಾವನಿಗೆ ಕೊಡುವ ಪದ್ಧತಿ ಇನ್ನೂ ಇದೆ. ಅಜ್ಜಿ ವಾಹಕಳು ಎಂದಿಟ್ಟುಕೊಳ್ಳಿ. ಅವಳ ಮಗನಿಗೆ ಕೆಟ್ಟ ಪ್ರತಿ ಬರುವ ಸಂಭವ ಎರಡರಲ್ಲಿ ಒಂದು. ಮಗಳಿಗೂ ಎರಡರಲ್ಲಿ ಒಂದು, ಮಗಳ ಮಗಳಿಗೆ ನಾಲ್ಕರಲ್ಲಿ ಒಂದು. ಮಾವ-ಸೊಸೆ ಇಬ್ಬರೂ ವಾಹಕರಾಗುವ ಸಂಭವ ಎಂಟರಲ್ಲಿ ಒಂದು. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಕಾಯಿಲೆಯ ಮಗುವಿನ ಸಂಭವ ನಾಲ್ಕರಲ್ಲಿ ಒಂದು. ಗುಣಿಸಿದರೆ 32ರಲ್ಲಿ ಒಂದು. ಅದೇ ಹುಡುಗಿ ನಂಟಿಲ್ಲದವನನ್ನು ಮದುವೆಯಾದರೆ? ಲೆಕ್ಕಕ್ಕಾಗಿ ಹೊರಗಿನವರಲ್ಲಿ ನೂರಕ್ಕೆ ಒಬ್ಬ ವಾಹಕ ಎಂದುಕೊಂಡರೆ, ಅದು 1,600ರಲ್ಲಿ ಒಂದಕ್ಕೆ ಇಳಿಯುತ್ತದೆ. ಸಂಬಂಧದಲ್ಲಿ ಮದುವೆಯಾದವರನ್ನು ದೂರುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ಮನೆಯಲ್ಲಿ ಒಂದು ಮಗುವಿಗೆ ಕಾಯಿಲೆ ಖಚಿತವಾದರೆ ಮುಂದಿನ ಬಸಿರಿನಲ್ಲಿ, ಸುಮಾರು ಹನ್ನೊಂದು ವಾರಕ್ಕೇ, ಬೆಳೆಯುತ್ತಿರುವ ಮಾಸಿನ ಚಿಕ್ಕ ಚೂರು ತೆಗೆದು ಪರೀಕ್ಷಿಸಬಹುದು. ಮೊದಲ ಮಗುವಿನ ಕಾಯಿಲೆಗೆ ಹೆಸರೇ ಸಿಗದೆ ಹೋದ ಮನೆಗಳಲ್ಲಿ ಎರಡನೆಯ ಮಗುವಿಗೂ ಅದೇ ಕಾಯಿಲೆ ಬಂದರೆ ಆ ದುಃಖವನ್ನು ತಪ್ಪಿಸಬಹುದಿತ್ತಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಮಾಸು ಎಂದೆ. ಚಿಕಿತ್ಸೆಯ ಕಥೆ ಶುರುವಾಗುವುದೂ ಅಲ್ಲೇ. ಇಲ್ಲದ ಕಿಣ್ವವನ್ನು ಹೊರಗಿನಿಂದ ಕೊಟ್ಟರಾಯಿತು ಎಂಬುದು ಬ್ರೇಡಿಯವರ ಯೋಚನೆ. ಮನುಷ್ಯರ ಕಿಣ್ವ ಎಲ್ಲಿ ಸಿಗಬೇಕು? ಹೆರಿಗೆಯಾದ ಮೇಲೆ ಬೀಳುವ ಮಾಸಿನಲ್ಲಿ ಅದು ಸಿಕ್ಕಿತು. ಹಳ್ಳಿಗಳಲ್ಲಿ ಮಾಸಿಗೆ ‘ಕಸ’ ಎಂದೇ ಹೆಸರು. ‘ಕಸ ಬಿತ್ತೇ?’ ಎಂದು ಕೇಳುತ್ತಾರೆ, ಬಿದ್ದದ್ದನ್ನು ಹೂಳುತ್ತಾರೆ. ಆ ಕಸವನ್ನು ಅರೆದು, ಸೋಸಿ, ಶುದ್ಧಮಾಡಿ 1970ರ ದಶಕದಲ್ಲಿ ರೋಗಿಗಳ ರಕ್ತನಾಳಕ್ಕೆ ಕೊಟ್ಟರು. ಫಲ ಮಾತ್ರ ನಿರಾಶೆ. ಕಿಣ್ವ ದೇಹದೊಳಗೆ ಹೋಯಿತು, ಹೋಗಬೇಕಾದಲ್ಲಿಗೆ ಹೋಗಲಿಲ್ಲ. ಬಹುಪಾಲನ್ನು ಯಕೃತ್ತಿನ ಸಾಮಾನ್ಯ ಕೋಶಗಳು ಹೀರಿಕೊಂಡವು. ಹಸಿದಿದ್ದ ಭಕ್ಷಕ ಕೋಶಗಳಿಗೆ ಸಿಗಲಿಲ್ಲ.

ಮುಂದಿನ ಹೆಜ್ಜೆ ನನಗೆ ಈ ಇಡೀ ಕಥೆಯಲ್ಲೇ ಅತ್ಯಂತ ಇಷ್ಟವಾದದ್ದು. ಕಿಣ್ವದ ಮೈಮೇಲೆ ಅಲ್ಲಲ್ಲಿ ಸಕ್ಕರೆಯ ಪುಟ್ಟ ರೆಂಬೆಗಳಿರುತ್ತವೆ. ಭಕ್ಷಕ ಕೋಶದ ಹೊರಮೈಯಲ್ಲಿ ಮ್ಯಾನೋಸ್ ಎಂಬ ಸಕ್ಕರೆಯನ್ನು ಹಿಡಿದು ಒಳಕ್ಕೆಳೆಯುವ ಕೊಂಡಿಗಳಿವೆ. ಕಿಣ್ವದ ರೆಂಬೆಯಲ್ಲೂ ಮ್ಯಾನೋಸ್ ಇತ್ತು, ಆದರೆ ಅದರ ಮೇಲೆ ಬೇರೆ ಮೂರು ಸಕ್ಕರೆಗಳು ಕೂತು ಅದನ್ನು ಮುಚ್ಚಿದ್ದವು. ಸರಿ, ಬೇರೆ ಮೂರು ಕಿಣ್ವಗಳನ್ನು ಬಳಸಿ ಆ ಮೂರನ್ನೂ ಒಂದೊಂದಾಗಿ ಕಳಚಿದರು. ಮ್ಯಾನೋಸ್ ಹೊರಗೆ ಕಂಡಿತು. ಲಕೋಟೆಯ ಮೇಲೆ ಸರಿಯಾದ ವಿಳಾಸ ಬಂದಂತಾಯಿತು. ಈ ಕಿಣ್ವವನ್ನು ಪಡೆದ ನಾಲ್ಕು ವರ್ಷದ ಹುಡುಗನೊಬ್ಬನ ರಕ್ತ ಏರತೊಡಗಿತು. ಬಳಿಕ 12 ರೋಗಿಗಳಿಗೆ ಕೊಟ್ಟು ನೋಡಿದರು. 1991ರಲ್ಲಿ ಅಮೆರಿಕದಲ್ಲಿ ಔಷಧಕ್ಕೆ ಅನುಮತಿ ಸಿಕ್ಕಿತು. ಒಬ್ಬ ರೋಗಿಯ ಒಂದು ವರ್ಷದ ಔಷಧಕ್ಕೆ ಸಾವಿರಾರು ಮಾಸುಗಳು ಬೇಕಾಗುತ್ತಿದ್ದವು. 1994ರಲ್ಲಿ, ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಕೋಶಗಳಲ್ಲಿ ಮನುಷ್ಯರ ವಂಶವಾಹಿ ಸೇರಿಸಿ ತಯಾರಿಸಿದ ಇಮಿಗ್ಲುಸಿರೇಸ್ ಬಂದ ಮೇಲೆ ಮಾಸಿನ ಅಗತ್ಯ ಇಲ್ಲವಾಯಿತು.

ಚಿಕಿತ್ಸೆ ಸಿಕ್ಕ ಮಗುವಿನಲ್ಲಿ ಬದಲಾವಣೆ ಕಣ್ಣಿಗೆ ಕಾಣುವಂತಿರುತ್ತದೆ. ಎರಡು ವಾರಕ್ಕೊಮ್ಮೆ ಆಸ್ಪತ್ರೆಗೆ ಬಂದು ಒಂದೆರಡು ಗಂಟೆ ಡ್ರಿಪ್ ಹಾಕಿಸಿಕೊಳ್ಳಬೇಕು. ಆರು ತಿಂಗಳಿಂದ ವರ್ಷದೊಳಗೆ ಹಿಮೋಗ್ಲೋಬಿನ್ ಏರುತ್ತದೆ, ಪ್ಲೇಟ್‌ಲೆಟ್ ನಿಧಾನವಾಗಿ ಹೆಚ್ಚುತ್ತದೆ, ಗುಲ್ಮ ಒಳಸರಿಯುತ್ತ ಬರುತ್ತದೆ. ಅಂಗಿಯ ಗುಂಡಿ ಹಾಕಬಹುದು. ಮೂಳೆ ಮಾತ್ರ ವರ್ಷಗಟ್ಟಲೆ ತೆಗೆದುಕೊಳ್ಳುತ್ತದೆ. ಒಮ್ಮೆ ಸತ್ತ ಮೂಳೆ ಮರಳುವುದಿಲ್ಲ.

ಮಿದುಳಿನ ವಿಷಯದಲ್ಲಿ ಮಾತ್ರ ಈ ಔಷಧ ಬಾಗಿಲಲ್ಲೇ ನಿಲ್ಲುತ್ತದೆ. ರಕ್ತನಾಳಕ್ಕೂ ಮಿದುಳಿಗೂ ನಡುವೆ ಇರುವ ಬಿಗಿಯಾದ ತಡೆಯನ್ನು ಕಿಣ್ವದಂಥ ದೊಡ್ಡ ಅಣು ದಾಟಲಾರದು. ಮಿದುಳು ಕೆಡದ ಮೊದಲನೆಯ ಬಗೆಯ ಗೋಶೆಯವರಿಗೆ ಇದರಿಂದ ತೊಂದರೆಯಿಲ್ಲ. ಎರಡನೆಯ ಬಗೆಯ ಹಸುಗೂಸುಗಳನ್ನು ಯಾವ ಔಷಧವೂ ಈವರೆಗೆ ಉಳಿಸಿಲ್ಲ. ಹೆಚ್ಚಿನವು ಎರಡು ಮೂರು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತವೆ. ಮೂರನೆಯದು ನಡುವಿನದು. ಆ 444ನೇ ಸ್ಥಾನದ ದೋಷ ಎರಡೂ ಪ್ರತಿಗಳಲ್ಲಿದ್ದರೆ ಸಾಮಾನ್ಯವಾಗಿ ಬರುವುದು ಇದೇ. ಅದರ ಮೊದಲ ಸುಳಿವು ಕಣ್ಣಿನಲ್ಲಿ ಸಿಗುತ್ತದೆ. ಪಕ್ಕದಲ್ಲಿ ಗಿಲಕಿ ಆಡಿಸಿದರೆ ಮಕ್ಕಳು ಥಟ್ಟನೆ ಕಣ್ಣು ಹೊರಳಿಸುತ್ತವೆ. ಈ ಮಗು ಕಣ್ಣು ಹೊರಳಿಸಲಾರದೆ ಇಡೀ ತಲೆಯನ್ನೇ ಎಸೆದಂತೆ ತಿರುಗಿಸುತ್ತದೆ. ಗುಲ್ಮ ಬೆಳೆದ ಪ್ರತಿ ಮಗುವಿನ ಮುಂದೆಯೂ ಗಿಲಕಿ ಆಡಿಸಿ ನೋಡಲು ಅರ್ಧ ನಿಮಿಷ ಸಾಕು.

ಕೊಬ್ಬು ತಯಾರಾಗುವುದನ್ನೇ ತಗ್ಗಿಸುವ ಮಾತ್ರೆಗಳೂ ಬಂದಿವೆ, ಹಳ್ಳದ ನೀರನ್ನು ಮೇಲೆಯೇ ಕಡಿಮೆ ಮಾಡುವ ಹಾಗೆ. ಅವು ದೊಡ್ಡವರಿಗೆ ಉಪಯೋಗಕ್ಕೆ ಬಂದರೂ ಮಿದುಳಿನ ಕಾಯಿಲೆಯನ್ನು ತಡೆದಿಲ್ಲ. ಇನ್ನೊಂದು ಪ್ರಯತ್ನ ನಮ್ಮ ಮನೆಗಳ ಔಷಧಿ ಡಬ್ಬಿಯಿಂದಲೇ ಎದ್ದು ಬಂದಿದೆ. ಕೆಮ್ಮಿನ ಸಿರಪ್ಪುಗಳಲ್ಲಿ ಕಫ ಕರಗಿಸಲು ಹಾಕುವ ಆಂಬ್ರಾಕ್ಸಾಲ್ ಸೊಟ್ಟ ಕಿಣ್ವಕ್ಕೆ ಆಸರೆ ಕೊಡುತ್ತದೆ ಎಂದು 2009ರಲ್ಲಿ ಟೊರಾಂಟೊದ ಸಂಶೋಧಕರು ಪ್ರಕಟಿಸಿದರು. ಹುಳಿಯ ಮಾತು ಮತ್ತೆ ಬೇಕಾಗುವುದು ಇಲ್ಲಿ. ಹುಳಿಯಿಲ್ಲದ ತಯಾರಿಕೆಯ ಸ್ಥಳದಲ್ಲಿ ಈ ಅಣು ಕಿಣ್ವವನ್ನು ಹಿಡಿದು ನೆಟ್ಟಗೆ ನಿಲ್ಲಿಸುತ್ತದೆ, ತಪಾಸಣೆ ದಾಟಿಸುತ್ತದೆ. ಹುಳಿಯಿರುವ ಲೈಸೋಸೋಮ್ ಸೇರಿದ ಕೂಡಲೇ ಕೈ ಬಿಡುತ್ತದೆ, ಕಿಣ್ವ ಕೆಲಸಕ್ಕೆ ಇಳಿಯುತ್ತದೆ. ಇದು ಚಿಕ್ಕ ಅಣು, ಮಿದುಳಿಗೂ ಹೋಗಬಲ್ಲದು. ಕೆಲವೇ ರೋಗಿಗಳಲ್ಲಿ, ಕೆಮ್ಮಿಗೆ ಕೊಡುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಪ್ರಮಾಣದಲ್ಲಿ, ವೈದ್ಯರ ಕಣ್ಗಾವಲಿನಲ್ಲಿ ಇದನ್ನು ಕೊಟ್ಟು ನೋಡುತ್ತಿದ್ದಾರೆ. ಎಲ್ಲ ದೋಷಕ್ಕೂ ಇದು ಒಗ್ಗುವುದಿಲ್ಲ. ಸಿರಪ್ಪಿನ ಬಾಟಲಿಯಿಂದ ಮನೆಯಲ್ಲಿ ಮಾಡುವ ಪ್ರಯೋಗ ಇದಲ್ಲವೇ ಅಲ್ಲ.

ಇನ್ನು ಖರ್ಚು. 2021ರಲ್ಲಿ ಕೇಂದ್ರ ಸರ್ಕಾರ ವಿರಳ ಕಾಯಿಲೆಗಳ ರಾಷ್ಟ್ರೀಯ ನೀತಿ ತಂದಿತು. ಮೊದಲು 20 ಲಕ್ಷ ರೂಪಾಯಿ ಇದ್ದ ನೆರವಿನ ಮಿತಿಯನ್ನು 2022ರಲ್ಲಿ ಒಬ್ಬ ರೋಗಿಗೆ 50 ಲಕ್ಷದವರೆಗೆ ಏರಿಸಿತು. ಇದಕ್ಕೆ ಗೊತ್ತುಮಾಡಿದ ಕೇಂದ್ರಗಳಲ್ಲಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವೂ ಒಂದು. ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯ ಜೊತೆಗೂಡಿ ಅದು ಈ ಕೆಲಸ ಮಾಡುತ್ತದೆ. ನೆರವಿನಿಂದ ಚಿಕಿತ್ಸೆ ಶುರುವಾಗುತ್ತದೆ, ಅದು ಸಣ್ಣ ವಿಷಯವಲ್ಲ. ಆದರೆ ಔಷಧದ ಲೆಕ್ಕ ನೋಡಿ. ಸಾಮಾನ್ಯ ಪ್ರಮಾಣ ಕಿಲೋ ತೂಕಕ್ಕೆ 60 ಯೂನಿಟ್. ನಮ್ಮ ಮಗು 12 ಕಿಲೋ ಇದ್ದಾಗ ಒಂದು ಸಲಕ್ಕೆ 720 ಯೂನಿಟ್ ಬೇಕು. 400 ಯೂನಿಟ್ಟಿನ ಸೀಸೆಗಳಲ್ಲಿ ಎರಡು. ವರ್ಷಕ್ಕೆ 26 ಸಲ, ಅಂದರೆ 52 ಸೀಸೆ. ಚಿಕಿತ್ಸೆ ಫಲಿಸಿ ಮಗು ಚೆನ್ನಾಗಿ ಬೆಳೆದು, ಶಾಲೆಗೆ ಹೋಗಿ, 24 ಕಿಲೋ ಆಯಿತು ಎನ್ನಿ. ಆಗ ಸಲಕ್ಕೆ 1,440 ಯೂನಿಟ್, ನಾಲ್ಕು ಸೀಸೆ, ವರ್ಷಕ್ಕೆ 104. ಹದಿವಯಸ್ಸಿನಲ್ಲಿ 40 ಕಿಲೋ ಆದಾಗ 156. 50 ಲಕ್ಷದ ಮಿತಿ ಮಾತ್ರ ಹನ್ನೆರಡು ಕಿಲೋದ ಮಗುವಿಗೂ ನಲವತ್ತು ಕಿಲೋದ ಹುಡುಗಿಗೂ ಅಷ್ಟೇ. ಎರಡು ವಾರಕ್ಕೊಮ್ಮೆ ಡ್ರಿಪ್ಪಿಗೆ ಮುಂಚೆ ನರ್ಸ್ ಮಗುವನ್ನು ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಾಳೆ. ತೂಕ ಏರಿದೆಯೇ ಎಂದು ತಾಯಿ ಬಗ್ಗಿ ನೋಡುತ್ತಾಳೆ. ಏರಿದ್ದರೆ ಸಂತೋಷ, ಅದರ ಹಿಂದೆಯೇ ಸೀಸೆಗಳ ಲೆಕ್ಕ.